ಚಿಪ್ಸ್ ಪೊಟ್ಟಣಗಳ ನಕ್ಷೆ: ಬರೆಯುವುದು ಹೇಗೆ, ಓದುವುದು ಹೇಗೆ



ನಾನು ಹಗಲು ಹೊತ್ತು ಇಂಗ್ಲೆಂಡಿನ ಒಂದು ಆಹಾರ ಸಗಟು ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೆ ಎರಡು ಸಂಜೆ, ದುಡಿಯುತ್ತಲೇ ಓದುವವರಿಗೆ ಮಾರ್ಕೆಟಿಂಗ್ ಪಾಠ ಹೇಳುತ್ತೇನೆ. ನಿಮ್ಮಲ್ಲಿ ಕೆಲವರು ಪಾರ್ಟ್‌ಟೈಮ್ ಎಂಬಿಎ ಮಾಡುತ್ತಿರಬಹುದು, ಇನ್ನು ಕೆಲವರ ಮಕ್ಕಳು ಎ-ಲೆವೆಲ್‌ನಲ್ಲಿ ಬಿಸಿನೆಸ್ ತೆಗೆದುಕೊಂಡಿರಬಹುದು. ಎರಡೂ ಕಡೆ ಬರುವ ಒಂದು ವಿಷಯ ಎಂದರೆ ಗ್ರಹಿಕೆಯ ನಕ್ಷೆ, ಅಂದರೆ ಪರ್ಸೆಪ್ಚುವಲ್ ಮ್ಯಾಪ್. ಶಾಲೆಯ ಪುಸ್ತಕದಲ್ಲಿ ಇದರ ಸರಳ ರೂಪವನ್ನು ಮಾರ್ಕೆಟ್ ಮ್ಯಾಪ್ ಎನ್ನುತ್ತಾರೆ. ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ, ನಡುವೆ ಬ್ರ್ಯಾಂಡುಗಳ ಹೆಸರಿನ ಐದಾರು ಚುಕ್ಕೆ. ಹತ್ತು ನಿಮಿಷದಲ್ಲಿ ಬರೆದುಬಿಡಬಹುದು ಎನ್ನಿಸುತ್ತದೆ. ಆದರೆ ಹಾಗೆ ಬರೆದ ನಕ್ಷೆ ಎಲ್ಲಿ ತಪ್ಪು ದಾರಿ ಹಿಡಿಸುತ್ತದೆ ಎಂಬುದನ್ನು ಇಲ್ಲಿನ ಚಿಪ್ಸ್ ಬ್ರ್ಯಾಂಡುಗಳ ಉದಾಹರಣೆಯಿಂದಲೇ ಇಂದು ಹೇಳುತ್ತೇನೆ.

ನಕ್ಷೆ ಯಾವುದರ ಚಿತ್ರ?

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಈ ನಕ್ಷೆ ತೋರಿಸುವುದು ಪೊಟ್ಟಣದೊಳಗೆ ಏನಿದೆ ಎಂಬುದನ್ನಲ್ಲ, ಕೊಳ್ಳುವವರ ಮನಸ್ಸಿನಲ್ಲಿ ಏನಿದೆ ಎಂಬುದನ್ನು.

ಪ್ರಿಂಗಲ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಬ್ರಿಟನ್ನಿನಲ್ಲಿ ಹೆಚ್ಚಿನ ಆಹಾರ ಪದಾರ್ಥಗಳಿಗೆ ವ್ಯಾಟ್ ಇಲ್ಲ, ಆದರೆ ಆಲೂಗಡ್ಡೆ ಕ್ರಿಸ್ಪ್ಸ್‌ಗೆ ಇದೆ. ಪ್ರಿಂಗಲ್ಸ್‌ನಲ್ಲಿ ಆಲೂಗಡ್ಡೆಯ ಪಾಲು ಸುಮಾರು ಶೇ. 42 ಮಾತ್ರ, ಆದ್ದರಿಂದ ಅದಕ್ಕೆ ಈ ತೆರಿಗೆ ಅನ್ವಯಿಸದು ಎಂದು ಆಗ ಅದರ ಒಡೆತನ ಹೊಂದಿದ್ದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ವಾದಿಸಿತು. 2008ರಲ್ಲಿ ಹೈಕೋರ್ಟ್ ಆ ವಾದವನ್ನು ಒಪ್ಪಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ತೆರಿಗೆ ಕಟ್ಟಬೇಕು ಎಂದಿತು. ಪದಾರ್ಥದಲ್ಲಿ ಆಲೂಗಡ್ಡೆ ಎಷ್ಟು ಎಂಬುದು ತೆರಿಗೆಯವರ ಪ್ರಶ್ನೆ. ನಕ್ಷೆಗೆ ಅದು ಬೇಡ. ಶುಕ್ರವಾರ ಸಂಜೆ ಗೆಳೆಯರು ಮನೆಗೆ ಬಂದಾಗ ಗಿರಾಕಿಯ ಕೈ ಆ ಡಬ್ಬಿಯತ್ತ ಹೋಗುತ್ತದೆಯೇ, ಅದು ಸಿಗದಿದ್ದರೆ ಬದಲಿಗೆ ಯಾವುದರತ್ತ ಹೋಗುತ್ತದೆ ಎಂಬುದೇ ನಕ್ಷೆಯ ಪ್ರಶ್ನೆ.

ಆದ್ದರಿಂದ ಚುಕ್ಕೆಗಳನ್ನು ವಿದ್ಯಾರ್ಥಿ ತಾನೇ ಊಹಿಸಿ ಇಡುವಂತಿಲ್ಲ. ಗಿರಾಕಿಗಳನ್ನು ಕೇಳಿ ಇಡಬೇಕು.

ಗೆರೆಗಳ ಆಯ್ಕೆ

ಹೆಚ್ಚಿನವರು ಮೊದಲು ಆರಿಸುವ ಗೆರೆಗಳು ಎಂದರೆ ಬೆಲೆ ಮತ್ತು ಗುಣಮಟ್ಟ. ಒಂದು ತರಗತಿಯಲ್ಲಿ ಐದು ಬ್ರ್ಯಾಂಡುಗಳಿಗೆ 1ರಿಂದ 7ರವರೆಗೆ ಅಂಕ ಕೊಡಿಸಿದೆವು ಎಂದುಕೊಳ್ಳಿ. ಇಲ್ಲಿ ಹೇಳುವ ಅಂಕಗಳೆಲ್ಲ ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು, ಮಾರುಕಟ್ಟೆಯ ಸಮೀಕ್ಷೆಯಲ್ಲ. ಬೆಲೆ ಮತ್ತು ಗುಣಮಟ್ಟದ ಸರಾಸರಿ ಹೀಗೆ ಬಂದಿದೆ:

ವಾಕರ್ಸ್: 3.0, 3.9
ಪ್ರಿಂಗಲ್ಸ್: 3.8, 4.2
ಡೊರಿಟೋಸ್: 3.5, 4.1
ಕೆಟಲ್: 5.4, 5.6
ಟೈರೆಲ್ಸ್: 5.8, 5.9

ಇದನ್ನು ಕಾಗದದ ಮೇಲೆ ಇಟ್ಟು ನೋಡಿ. ಐದೂ ಚುಕ್ಕೆಗಳು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ, ಏಣಿ ಒರಗಿಸಿಟ್ಟಂತೆ ಒಂದೇ ಸಾಲಿನಲ್ಲಿ ಕೂರುತ್ತವೆ. ಬೆಲೆ ಹೆಚ್ಚಿದ್ದರೆ ಒಳ್ಳೆಯದೇ ಇರಬೇಕು ಎಂದು ಜನ ಭಾವಿಸುವುದರಿಂದ ಒಂದಕ್ಕೆ ಕೊಟ್ಟ ಅಂಕ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆ. ಅಂದರೆ ನಾವು ಎರಡು ಗೆರೆ ಎಳೆದಿದ್ದರೂ ಕೇಳಿದ್ದು ಒಂದೇ ಪ್ರಶ್ನೆ. ಆಗ ಎರಡು ಮೂಲೆಗಳು ತಾವಾಗಿಯೇ ಖಾಲಿ ಉಳಿಯುತ್ತವೆ. ವಿದ್ಯಾರ್ಥಿ ಅಲ್ಲಿಗೆ ಬೆರಳು ತೋರಿಸಿ, "ಕಡಿಮೆ ಬೆಲೆ, ಉತ್ತಮ ಗುಣಮಟ್ಟ: ಇಲ್ಲಿ ಅವಕಾಶವಿದೆ" ಎಂದು ಬರೆಯುತ್ತಾನೆ. ಆ ಖಾಲಿ ಜಾಗ ಹುಟ್ಟಿದ್ದು ಗೆರೆಗಳ ಆಯ್ಕೆಯಿಂದಲೇ ಹೊರತು ಮಾರುಕಟ್ಟೆಯಿಂದಲ್ಲ.

ಕಣ್ಣಿಗೆ ಅನುಮಾನ ಬಂದರೆ ಸ್ಪ್ರೆಡ್‌ಶೀಟಿನಲ್ಲಿ ಒಂದೇ ಸೂತ್ರದಿಂದ ನೋಡಬಹುದು:

```
=CORREL(B2:B6,C2:C6)
```

ಉತ್ತರ 1 ಅಥವಾ -1ರ ಹತ್ತಿರ ಬಂದರೆ ಎರಡು ಗೆರೆಗಳೂ ಒಂದೇ ಮಾತು ಹೇಳುತ್ತಿವೆ ಎಂದರ್ಥ. ಸೊನ್ನೆಯ ಹತ್ತಿರ ಬಂದಷ್ಟೂ ನಕ್ಷೆಗೆ ಒಳ್ಳೆಯದು. ಮೇಲಿನ ಅಂಕಗಳಿಗೆ 0.99 ಬರುತ್ತದೆ.

ಬೇರೆ ಗೆರೆ ಎಲ್ಲಿಂದ ತರುವುದು? ಗಿರಾಕಿಗಳ ಬಾಯಿಂದಲೇ. ಮೂರು ಪೊಟ್ಟಣಗಳನ್ನು ಮುಂದಿಟ್ಟು, "ಇವುಗಳಲ್ಲಿ ಯಾವ ಎರಡು ಒಂದೇ ಥರ, ಮೂರನೆಯದು ಯಾಕೆ ಬೇರೆ?" ಎಂದು ಕೇಳಿ. "ಇದು ಊಟದ ಡಬ್ಬಿಗೆ ಹಾಕುವುದು, ಅವು ಜನ ಬಂದಾಗ ಬಟ್ಟಲಿಗೆ ಸುರಿಯುವುದು", "ಇದು ಮಿಷಿನ್ನಿನಲ್ಲಿ ಮಾಡಿದ ಹಾಗಿದೆ, ಅದು ಯಾರೋ ಕೈಯಲ್ಲಿ ಹೆಚ್ಚಿ ಕರಿದ ಹಾಗಿದೆ" ಎಂಬಂಥ ಮಾತುಗಳು ಸಿಗುತ್ತವೆ. ಗಿರಾಕಿಗೆ ಮುಖ್ಯವಾದ ಎಲ್ಲ ಗುಣಗಳೂ ನಕ್ಷೆಗೆ ಬರುವುದಿಲ್ಲ ಎಂಬುದನ್ನೂ ಗಮನಿಸಿ. ಗರಿಗರಿ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲ ಬ್ರ್ಯಾಂಡುಗಳೂ ಗರಿಗರಿ ಎನ್ನಿಸಿಕೊಂಡರೆ ಆ ಗೆರೆ ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ.

ಸಿಕ್ಕ ಎರಡು ಮಾತುಗಳನ್ನೇ ಗೆರೆ ಮಾಡೋಣ. ಅಡ್ಡಗೆರೆಯಲ್ಲಿ 1 ಎಂದರೆ ಕಾರ್ಖಾನೆಯದು ಎನ್ನಿಸುವುದು, 7 ಎಂದರೆ ಕೈಯಲ್ಲಿ ಮಾಡಿದ್ದು ಎನ್ನಿಸುವುದು. ಉದ್ದಗೆರೆಯಲ್ಲಿ 1 ಎಂದರೆ ಒಬ್ಬರೇ ತಿನ್ನುವುದು, 7 ಎಂದರೆ ಹಂಚಿಕೊಂಡು ತಿನ್ನುವುದು.

ವಾಕರ್ಸ್: 2.6, 2.2
ಪ್ರಿಂಗಲ್ಸ್: 1.8, 5.6
ಡೊರಿಟೋಸ್: 2.4, 6.1
ಕೆಟಲ್: 5.7, 4.6
ಟೈರೆಲ್ಸ್: 6.0, 4.9

ಈಗ ಅದೇ ಸೂತ್ರ ಹಾಕಿದರೆ -0.04 ಬರುತ್ತದೆ. ಎರಡು ಗೆರೆಗಳೂ ಎರಡು ಬೇರೆ ಸಂಗತಿಗಳನ್ನು ಹೇಳುತ್ತಿವೆ.

ಗೊತ್ತಿಲ್ಲದವರ ನಾಲ್ಕು

ಪ್ರಶ್ನಾವಳಿಯಲ್ಲಿ "ಈ ಬ್ರ್ಯಾಂಡ್ ನನಗೆ ಗೊತ್ತಿಲ್ಲ" ಎಂಬ ಒಂದು ಮನೆ ಇರಲೇಬೇಕು. ಇಲ್ಲದಿದ್ದರೆ ಗೊತ್ತಿಲ್ಲದವರು ನಡುವಿನ ಅಂಕ 4ಕ್ಕೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ಇಪ್ಪತ್ತು ಜನರಲ್ಲಿ ಟೈರೆಲ್ಸ್ ಗೊತ್ತಿರುವ ಹನ್ನೆರಡು ಮಂದಿಯ ಸರಾಸರಿ 6.0 ಎಂದುಕೊಳ್ಳಿ. ಉಳಿದ ಎಂಟು ಮಂದಿ 4 ಎಂದು ಗುರುತು ಹಾಕಿದರೆ ಸರಾಸರಿ 5.2ಕ್ಕೆ ಇಳಿಯುತ್ತದೆ. ಚುಕ್ಕೆ ನಡುವಿನತ್ತ ಜರುಗಿ, ಆ ಬ್ರ್ಯಾಂಡಿನ ಗುಣವೇ ಮಸುಕಾದಂತೆ ಕಾಣುತ್ತದೆ. ನಿಜದಲ್ಲಿ ಮಸುಕಾಗಿದ್ದುದು ಉತ್ತರ ಕೊಟ್ಟವರ ಪರಿಚಯ.

ಇದನ್ನು ಪತ್ತೆ ಹಚ್ಚುವುದು ಸುಲಭ. ಕಡಿಮೆ ಪರಿಚಯದ ಬ್ರ್ಯಾಂಡು ನಕ್ಷೆಯ ನಡುವೆ ಕೂತಿದ್ದರೆ ಸರಾಸರಿಯನ್ನು ಬಿಟ್ಟು ಬಿಡಿ ಉತ್ತರಗಳನ್ನು ನೋಡಿ. ಒಂದು ಕಡೆ 4ಗಳ ರಾಶಿ, ಇನ್ನೊಂದು ಕಡೆ 6 ಮತ್ತು 7 ಇದ್ದರೆ ಕಾರಣ ಸಿಕ್ಕಂತೆ. ತಂಡದಲ್ಲಿರುವ ಕನ್ನಡದ ಹುಡುಗರು ಉತ್ಸಾಹದಿಂದ ಕೋಡುಬಳೆಯನ್ನೂ ಪಟ್ಟಿಗೆ ಸೇರಿಸಿದರೆ ಇಂಗ್ಲಿಷ್ ಸಹಪಾಠಿಗಳ ಉತ್ತರದಲ್ಲಿ ಆಗುವುದು ಇದೇ.

ಗೆರೆಗಳು ಎಲ್ಲಿ ಕತ್ತರಿಸಬೇಕು?

ಎರಡು ಗೆರೆಗಳು ಅಂಕ 4ರಲ್ಲಿ ಕತ್ತರಿಸಬಹುದು, ಅಥವಾ ಐದೂ ಬ್ರ್ಯಾಂಡುಗಳ ಸರಾಸರಿಯಲ್ಲಿ. ನಮ್ಮ ಲೆಕ್ಕದಲ್ಲಿ ಉದ್ದಗೆರೆಯ ಸರಾಸರಿ 4.68. ಕತ್ತರಿಸುವ ಜಾಗ 4 ಆದರೆ 4.6 ಇರುವ ಕೆಟಲ್ ಮೇಲಿನ, ಅಂದರೆ ಹಂಚಿಕೊಂಡು ತಿನ್ನುವ ಅರ್ಧದಲ್ಲಿರುತ್ತದೆ. ಅದೇ 4.68 ಆದರೆ ಕೆಟಲ್ ಕೆಳಗಿನ ಅರ್ಧಕ್ಕೆ ಬೀಳುತ್ತದೆ, 4.9 ಇರುವ ಟೈರೆಲ್ಸ್ ಮೇಲೆಯೇ ಉಳಿಯುತ್ತದೆ. ಒಂದೇ ಅಂಕ, ಆದರೆ ಅಕ್ಕಪಕ್ಕದ ಇಬ್ಬರು ಬೇರೆ ಬೇರೆ ಓಣಿಯವರಾದರು!

ಅದಕ್ಕೇ ಗೆರೆಗಳು ಎಲ್ಲಿ ಕತ್ತರಿಸುತ್ತವೆ ಎಂದು ನಕ್ಷೆಯ ಕೆಳಗೆ ಬರೆಯಬೇಕು. ಓದುವಾಗ ಮೂಲೆಗಿಂತ ಹೆಚ್ಚಾಗಿ ದೂರವನ್ನು ನಂಬಬೇಕು. ದೂರದ ಲೆಕ್ಕ ಶಾಲೆಯಲ್ಲಿ ಕಲಿತದ್ದೇ: ಎರಡೂ ಅಂತರಗಳ ವರ್ಗವನ್ನು ಕೂಡಿಸಿ ವರ್ಗಮೂಲ ತೆಗೆಯುವುದು. ಕೆಟಲ್ ಮತ್ತು ಟೈರೆಲ್ಸ್ ನಡುವೆ 0.42, ಪ್ರಿಂಗಲ್ಸ್ ಮತ್ತು ಡೊರಿಟೋಸ್ ನಡುವೆ 0.78, ವಾಕರ್ಸ್ ಮತ್ತು ಪ್ರಿಂಗಲ್ಸ್ ನಡುವೆ 3.49. ಅಂದರೆ ಈ ಗಿರಾಕಿಗಳ ಕಣ್ಣಿನಲ್ಲಿ ಆಲೂಗಡ್ಡೆಯ ಪ್ರಿಂಗಲ್ಸ್‌ಗೆ ಹತ್ತಿರದ ಪ್ರತಿಸ್ಪರ್ಧಿ ಆಲೂಗಡ್ಡೆಯ ವಾಕರ್ಸ್ ಅಲ್ಲ, ಜೋಳದ ಡೊರಿಟೋಸ್. ನಕ್ಷೆ ಬರೆದದ್ದಕ್ಕೆ ಸಿಗುವ ನಿಜವಾದ ಲಾಭ ಇಂಥ ಒಂದು ತಿಳಿವಳಿಕೆ.

ಖಾಲಿ ಜಾಗ

ನಮ್ಮ ನಕ್ಷೆಯಲ್ಲಿ ಬಲಗಡೆ ಕೆಳಗಿನ ಮೂಲೆ ಖಾಲಿ: ಕೈಯಲ್ಲಿ ಮಾಡಿದ್ದು ಎನ್ನಿಸಬೇಕು, ಒಬ್ಬರೇ ತಿನ್ನುವಂತಿರಬೇಕು. ನಮ್ಮವರೊಬ್ಬರು ಕೋಡುಬಳೆಯನ್ನೋ ನಿಪ್ಪಟ್ಟನ್ನೋ ಸಣ್ಣ ಪೊಟ್ಟಣ ಮಾಡಿ ಇಲ್ಲಿ ಮಾರಲು ಹೊರಟಿದ್ದಾರೆ ಎಂದುಕೊಳ್ಳಿ. ಈ ಮೂಲೆ ಕಂಡರೆ ಬಾಯಲ್ಲಿ ನೀರೂರುತ್ತದೆ. ಕೋರ್ಸ್‌ವರ್ಕ್ ತಪ್ಪಿದರೆ ನಾಲ್ಕು ಅಂಕ ಹೋಗುತ್ತದೆ, ಇಲ್ಲಿ ತಪ್ಪಿದರೆ ಕೂಡಿಟ್ಟ ಹಣ ಹೋಗುತ್ತದೆ.

ಜಾಗ ಖಾಲಿ ಇರುವುದಕ್ಕೆ ಎರಡು ಕಾರಣಗಳಿರಬಹುದು. ಯಾರೂ ಅಲ್ಲಿಗೆ ಹೋಗಿಲ್ಲ ಎಂಬುದು ಒಂದು, ಅಲ್ಲಿ ಯಾರಿಗೂ ಏನೂ ಬೇಕಿಲ್ಲ ಎಂಬುದು ಇನ್ನೊಂದು. ಬ್ರ್ಯಾಂಡುಗಳ ಚುಕ್ಕೆಗಳು ಎಷ್ಟೇ ನಿಖರವಾಗಿದ್ದರೂ ಇವೆರಡರಲ್ಲಿ ಯಾವುದು ನಿಜ ಎಂದು ಹೇಳಲಾರವು. ಕೆಟಲ್ ಮತ್ತು ಟೈರೆಲ್ಸ್ ಒಬ್ಬರಿಗೆ ಸಾಕಾಗುವ ಸಣ್ಣ ಪೊಟ್ಟಣಗಳನ್ನೂ ಮಾರುತ್ತವೆ. ಆದರೂ ನಮ್ಮ ಉದಾಹರಣೆಯ ಗಿರಾಕಿಗಳು ಅವನ್ನು ಆ ಮೂಲೆಯಲ್ಲಿ ಇಟ್ಟಿಲ್ಲ. ಅಂಗಡಿಯ ಕಪಾಟು ಖಾಲಿ ಇಲ್ಲ, ಮನಸ್ಸಿನ ಜಾಗ ಮಾತ್ರ ಖಾಲಿ.

ಆದ್ದರಿಂದ ಅದೇ ಜನರಿಗೆ ಇನ್ನೊಂದು ಪ್ರಶ್ನೆ ಕೇಳಬೇಕು: "ನಿಮಗೆ ಬೇಕಾದ ಚಿಪ್ಸ್ ಈ ಎರಡು ಗೆರೆಗಳಲ್ಲಿ ಎಲ್ಲಿರಬೇಕು?" ಈ ಉತ್ತರಗಳ ಚುಕ್ಕೆಗಳನ್ನು ಆದರ್ಶ ಬಿಂದುಗಳು ಎನ್ನುತ್ತಾರೆ. ಇವುಗಳ ಸರಾಸರಿ ತೆಗೆಯುವ ಅವಸರ ಬೇಡ. ಹತ್ತು ಜನ 2 ಎಂದರೆ, ಹತ್ತು ಜನ 6 ಎಂದರೆ ಸರಾಸರಿ 4 ಬರುತ್ತದೆ, ಆದರೆ ಆ 4 ಯಾರಿಗೂ ಬೇಕಾದದ್ದಲ್ಲ. ಒಬ್ಬೊಬ್ಬರ ಚುಕ್ಕೆಯನ್ನೂ ಬೇರೆ ಬಣ್ಣದಲ್ಲಿ ಬಿಡಿಯಾಗಿ ಇಡಿ. ಖಾಲಿ ಮೂಲೆಯ ಸುತ್ತ ಅವು ಗುಂಪಾಗಿ ಕೂತರೆ ಮುಂದಿನ ಹೆಜ್ಜೆ ಇಡಬಹುದು. ಆ ಹೆಜ್ಜೆ ಎಂದರೆ ಒಂದಿಷ್ಟು ಪೊಟ್ಟಣ ಮಾಡಿ ನಿಜವಾದ ಬೆಲೆಗೆ ಮಾರಿ ನೋಡುವುದು. ಚುಕ್ಕೆ ಒಂದೂ ಇಲ್ಲದಿದ್ದರೆ ಆ ಮೂಲೆ ಬರೀ ಬಿಳಿ ಕಾಗದ.

ಕೊನೆಯದಾಗಿ, ಇಪ್ಪತ್ತು ಸಹಪಾಠಿಗಳನ್ನು ಕೇಳಿ ಬರೆದ ನಕ್ಷೆ ಆ ಇಪ್ಪತ್ತು ಜನರದು. ಅದಕ್ಕೆ "ಬ್ರಿಟನ್ನಿನ ಚಿಪ್ಸ್ ಮಾರುಕಟ್ಟೆ" ಎಂದು ತಲೆಬರಹ ಕೊಡಬಾರದು. ಯಾರನ್ನು, ಎಷ್ಟು ಜನರನ್ನು, ಯಾವ ತಿಂಗಳು ಕೇಳಿದಿರಿ ಎಂದು ಕೆಳಗೆ ಒಂದು ಸಾಲು ಬರೆಯಿರಿ. ನಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಓದುವವರು ಆ ಸಾಲಿನಿಂದಲೇ ತಿಳಿಯುತ್ತಾರೆ.