ಅಟ್ಟಕ್ಕೆ ಎತ್ತಿಟ್ಟ ಮೇಲ್ ಕಸದ ಬುಟ್ಟಿಗೆ ಬಿದ್ದಾಗ

ಬಸ್ಸಿನಲ್ಲಿ ನಿಂತೇ ಮೇಲ್ ನೋಡುವವರನ್ನು ಗಮನಿಸಿ. ಒಂದು ಕೈ ಮೇಲಿನ ಕಂಬಿಯ ಮೇಲೆ, ಇನ್ನೊಂದರ ಹೆಬ್ಬೆರಳು ಫೋನಿನ ಮೇಲೆ. ಓದಿ ಮುಗಿದ ಮೇಲ್‌ಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸುತ್ತಾ ಹೋಗುತ್ತಾರೆ. ಅದು ಎಲ್ಲಿಗೆ ಹೋಯಿತು ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ‘ಪಕ್ಕಕ್ಕೆ ಎತ್ತಿಟ್ಟೆ, ಬೇಕಾದಾಗ ಹುಡುಕಿದರಾಯಿತು.’ ಆ ಫೋನಿನಲ್ಲಿ ಸರಿಸುವುದೆಂದರೆ ಆರ್ಕೈವ್ ಎಂದಿದ್ದರೆ ಆ ಮಾತು ನಿಜ. ಡಿಲೀಟ್ ಎಂದಿದ್ದರೆ ಅವರ ರಸೀದಿ, ಟಿಕೆಟ್‌ಗಳೆಲ್ಲ ಅವರಿಗೇ ತಿಳಿಯದಂತೆ ದಿನ ಎಣಿಸುತ್ತಿರುತ್ತವೆ.

ಆರ್ಕೈವ್ ಎಂದರೆ ಮನೆಯ ಅಟ್ಟ. ಮೇಲ್ ಇನ್‌ಬಾಕ್ಸ್‌ನಿಂದ ಮರೆಯಾಗುತ್ತದೆ, ಆದರೆ ಮನೆಯಲ್ಲೇ ಇರುತ್ತದೆ. ಜಿಮೇಲ್‌ನಲ್ಲಿ All mail ತೆರೆದರೆ ಅಲ್ಲಿ ಸಿಗುತ್ತದೆ, ಹುಡುಕಿದರೂ ಸಿಗುತ್ತದೆ. ಅದಕ್ಕೆ ಯಾರಾದರೂ ಉತ್ತರ ಬರೆದರೆ ಹಳೆಯ ಮಾತುಕತೆಯೆಲ್ಲ ತಾನಾಗಿಯೇ ಇನ್‌ಬಾಕ್ಸ್‌ಗೆ ಇಳಿದು ಬರುತ್ತದೆ. ಡಿಲೀಟ್ ಆದದ್ದು ಕಸದ ಬುಟ್ಟಿಯಲ್ಲಿ 30 ದಿನ ಇದ್ದು, ಆಮೇಲೆ ಶಾಶ್ವತವಾಗಿ ಹೋಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಜೂನ್ 3ರಂದು ಮಗಳ ಕಾಲೇಜು ಶುಲ್ಕದ ರಸೀದಿ ಮೇಲ್‌ನಲ್ಲಿ ಬಂತು. ಅಪ್ಪ ನೋಡಿ, ಸರಿಸಿಬಿಟ್ಟರು. ಜೂನ್ 25ರಂದು ವಿದ್ಯಾರ್ಥಿವೇತನದ ಅರ್ಜಿಗೆ ಅದೇ ರಸೀದಿ ಬೇಕಾಯಿತು. ಕಾಲೇಜಿನ ಹೆಸರು ಹಾಕಿ ಹುಡುಕಿದರೆ ಏನೂ ಸಿಗಲಿಲ್ಲ. ಇಲ್ಲಿ ಬಹಳ ಜನ ಕೈಚೆಲ್ಲುತ್ತಾರೆ, ಚೆಲ್ಲಬೇಕಾಗಿಲ್ಲ. ಜಿಮೇಲ್ ಸಾಮಾನ್ಯವಾಗಿ ಹುಡುಕುವಾಗ ಕಸದ ಬುಟ್ಟಿಯೊಳಗೆ ನೋಡುವುದೇ ಇಲ್ಲ. ಅಲ್ಲಿಯೂ ನೋಡು ಎಂದು ನಾವೇ ಹೇಳಬೇಕು. ಹುಡುಕುವ ಜಾಗದಲ್ಲಿ ಕಾಲೇಜಿನ ಹೆಸರಿನ ಮುಂದೆ ಇದನ್ನು ಸೇರಿಸಿ:

```
in:trash
```

ಈಗ ರಸೀದಿ ಕಾಣಿಸಿಕೊಂಡಿತೆಂದರೆ ಆ ಫೋನಿನ ಸ್ವೈಪ್ ಇಷ್ಟು ದಿನ ಡಿಲೀಟ್ ಮಾಡುತ್ತಿತ್ತು ಎಂಬ ಅನುಮಾನ ಬಲವಾಯಿತು. ಮೇಲ್ ಮೇಲೆ ಬೆರಳು ಒತ್ತಿ ಹಿಡಿದು, ಮೂರು ಚುಕ್ಕಿಯ ಮೆನುವಿನಿಂದ Move to ಆರಿಸಿ ಇನ್‌ಬಾಕ್ಸ್‌ಗೆ ತಂದುಕೊಳ್ಳಿ. ಅಪ್ಪ ಜುಲೈ 10ರವರೆಗೆ ಕಾದಿದ್ದರೆ ಅಷ್ಟರಲ್ಲಿ 30 ದಿನ ಕಳೆದಿರುತ್ತಿತ್ತು; ಕಾಲೇಜಿನ ಕಚೇರಿಗೇ ಹೋಗಿ ಇನ್ನೊಂದು ಪ್ರತಿ ಕೇಳಬೇಕಾಗುತ್ತಿತ್ತು.

ಇದರಲ್ಲಿ ನನಗೆ ಹೆಚ್ಚು ಆತಂಕ ತರುವುದು ಬೇರೆಯದು. ಜಿಮೇಲ್‌ನ ಪಟ್ಟಿಯಲ್ಲಿ ಒಂದು ಸಾಲು ಎಂದರೆ ಒಂದೇ ಮೇಲ್ ಆಗಿರಬೇಕೆಂದಿಲ್ಲ. ಒಂದೇ ವಿಷಯದ ಮೇಲೆ ಹೋಗಿ ಬಂದ ಹತ್ತು ಪತ್ರಗಳು ಒಂದು ಸಾಲಾಗಿ ಕಟ್ಟಿಕೊಂಡಿರಬಹುದು. ಹೆಸರಿನ ಪಕ್ಕದಲ್ಲಿರುವ ಸಣ್ಣ ಅಂಕಿ ಅದನ್ನೇ ಹೇಳುತ್ತದೆ. ಅಂಥ ಸಾಲನ್ನು ಸರಿಸಿದರೆ ಹತ್ತೂ ಹೋಗುತ್ತವೆ. ಕೊನೆಯ ‘ಧನ್ಯವಾದ’ ಮಾತ್ರ ಸಾಕು ಅಂದುಕೊಂಡು ಸರಿಸಿದವರು ಮೊದಲ ಪತ್ರದ ಜೊತೆಗಿದ್ದ ದಾಖಲೆಯನ್ನೂ ಕಳೆದುಕೊಳ್ಳುತ್ತಾರೆ.

ಆಂಡ್ರಾಯ್ಡ್ ಫೋನಿನಲ್ಲಿ ಬದಲಾಯಿಸುವುದು ಒಂದು ನಿಮಿಷದ ಕೆಲಸ. ಜಿಮೇಲ್ ಆ್ಯಪ್‌ನ ಎಡಮೇಲಿನ ಮೂರು ಗೆರೆ ಒತ್ತಿ, ಕೆಳಗೆ Settings, ಅದರೊಳಗೆ General settings. ಅಲ್ಲಿ swipe actions ಎಂಬ ಪದಗಳಿರುವ ಸಾಲು ಸಿಗುತ್ತದೆ. ಬಲಕ್ಕೆ ಸರಿಸಿದರೆ ಏನು, ಎಡಕ್ಕೆ ಸರಿಸಿದರೆ ಏನು ಎಂದು ಅಲ್ಲಿ ಬೇರೆ ಬೇರೆಯಾಗಿ ಹೇಳಬಹುದು. ನನ್ನ ಸಲಹೆ: ಎಡಬಲಗಳಲ್ಲಿ ಯಾವುದಕ್ಕೂ Delete ಬೇಡ. ಒಂದು ಕಡೆಗೆ Archive ಇಡಿ, ಇನ್ನೊಂದಕ್ಕೆ None. ಅಳಿಸಲೇಬೇಕಾದರೆ ಮೇಲ್ ತೆರೆದು, ಡಬ್ಬಿಯ ಚಿತ್ರ ನೋಡಿ ಒತ್ತೋಣ. ಅಷ್ಟು ತಡವಾದರೆ ನಷ್ಟವೇನಿಲ್ಲ.

ಐಫೋನಿನ ಸ್ವಂತ ಮೇಲ್ ಆ್ಯಪ್‌ನಲ್ಲಿ ಇನ್ನೊಂದು ತೊಡಕಿದೆ. ಒಂದೇ ಪಟ್ಟಿಯಲ್ಲಿ ಐಕ್ಲೌಡ್ ಮತ್ತು ಜಿಮೇಲ್ ಎರಡೂ ಖಾತೆಗಳ ಪತ್ರ ಇದ್ದಾಗ, ಎಡಕ್ಕೆ ಪೂರ್ತಿ ಎಳೆದರೆ ಒಂದರದ್ದು ಬುಟ್ಟಿಗೆ, ಇನ್ನೊಂದರದ್ದು ಆರ್ಕೈವ್‌ಗೆ ಹೋಗಬಹುದು. ಏಕೆಂದರೆ ಇದನ್ನು ತೀರ್ಮಾನಿಸುವುದು ಆಯಾ ಖಾತೆ. ಖಾತೆಯ ಸೆಟ್ಟಿಂಗ್‌ನಲ್ಲಿ Advanced ಒಳಗೆ Move Discarded Messages Into ಎಂಬ ಭಾಗವಿದೆ. ಅಲ್ಲಿ Archive Mailbox ಆರಿಸಿದರೆ ಆ ಖಾತೆಯ ಸ್ವೈಪ್ ಎತ್ತಿಡುತ್ತದೆ, Deleted Mailbox ಆದರೆ ಅಳಿಸುತ್ತದೆ. Swipe Options ಎಂಬ ಇನ್ನೊಂದು ಜಾಗವನ್ನು ಮಾತ್ರ ತಡಕಾಡಿ ಬೇಸತ್ತವರು ಇಲ್ಲಿಗೆ ಬರಬೇಕು. ಬೆರಳನ್ನು ಪೂರ್ತಿ ಎಳೆಯದೆ ಅರ್ಧಕ್ಕೆ ನಿಲ್ಲಿಸಿದರೆ ಬಟನ್‌ಗಳು ಕಾಣುತ್ತವೆ. ಬಲತುದಿಯಲ್ಲಿ ಇರುವುದೇ ಪೂರ್ತಿ ಎಳೆದಾಗ ಆಗುವ ಕೆಲಸ.

ಬದಲಾಯಿಸಿದ ಮೇಲೆ ನಿಮಗೆ ನೀವೇ ‘ಪರೀಕ್ಷೆ’ ಎಂದು ಒಂದು ಮೇಲ್ ಕಳಿಸಿಕೊಳ್ಳಿ. ಎರಡು ಖಾತೆಗಳಿದ್ದರೆ ಎರಡಕ್ಕೂ. ಬಂದದ್ದನ್ನು ಸರಿಸಿ, ಜಿಮೇಲ್‌ನದಾದರೆ ಮೊದಲು All mail, ಆಮೇಲೆ ಕಸದ ಬುಟ್ಟಿ ತೆರೆದು ಎಲ್ಲಿ ಕುಳಿತಿದೆ ನೋಡಿ. ಹೊಸ ಫೋನ್ ಕೊಂಡ ದಿನವೂ ಇದನ್ನೇ ಮಾಡಿ.