ಎಚ್ಚರವಿದ್ದರೂ ನೆನಪಿರದು

ಜಠರದ ಎಂಡೊಸ್ಕೊಪಿಗೆ ಮುನ್ನ ಕೈಯ ರಕ್ತನಾಳಕ್ಕೆ ನಿಧಾನವಾಗಿ ಕೊಡುವ ಮಿಡಜೋಲಾಮ್ ಚುಚ್ಚುಮದ್ದು ನಿಮ್ಮ ಪ್ರಜ್ಞೆಯನ್ನು ಪೂರ್ತಿ ತಪ್ಪಿಸುವುದಿಲ್ಲ. ವಯಸ್ಕರಿಗೆ ಸಾಮಾನ್ಯವಾಗಿ 2ರಿಂದ 3 ಮಿಲಿಗ್ರಾಂ ಸಾಕು. ವೃದ್ಧರಿಗೆ ಇನ್ನೂ ಕಡಿಮೆ. ಕೆಲವೇ ನಿಮಿಷಗಳಲ್ಲಿ ಆತಂಕ ಇಳಿದು ಮಂಪರು ಕವಿಯುತ್ತದೆ. ಕೊಳವೆ ಗಂಟಲು ದಾಟುವಾಗ ಓಕರಿಕೆ ಬರಬಹುದು, ಗಾಳಿ ತುಂಬಿದಾಗ ಹೊಟ್ಟೆ ಉಬ್ಬರಿಸಬಹುದು. ವೈದ್ಯರು 'ನುಂಗಿ' ಎಂದರೆ ನುಂಗುತ್ತೀರಿ. ಆಮೇಲೆ ಇದಾವುದೂ ನೆನಪಿರದೆ ಹೋಗಬಹುದು. ಈ ಔಷಧಿ ಹಳೆಯ ನೆನಪನ್ನು ಅಳಿಸುವುದಿಲ್ಲ. ಹೊಸದು ಮನಸ್ಸಿನಲ್ಲಿ ಅಚ್ಚಾಗದಂತೆ ತಡೆಯುತ್ತದೆ.

ತೊಡಕು ಇರುವುದು ಇಲ್ಲೇ. 55 ವರ್ಷದ ಒಬ್ಬರನ್ನು ಊಹಿಸಿಕೊಳ್ಳಿ. ಪರೀಕ್ಷೆ ಮುಗಿದ ಅರ್ಧ ಗಂಟೆಗೆ ಅವರು ಎದ್ದು ಕುಳಿತಿದ್ದಾರೆ. 'ಹುಣ್ಣಾಗಿದೆ, ಮಂಡಿನೋವಿನ ಮಾತ್ರೆ ನಿಲ್ಲಿಸಿ' ಎಂದು ವೈದ್ಯರು ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ. ಮನೆಗೆ ಬಂದು, 'ವೈದ್ಯರು ಏನೂ ಹೇಳಲೇ ಇಲ್ಲವಲ್ಲ?' ಎನ್ನುತ್ತಾರೆ! ಜೊತೆಯಲ್ಲಿ ಮಗಳು ಇರದಿದ್ದರೆ ಆ ಮಾತ್ರೆ ಮುಂದುವರಿಯುತ್ತಿತ್ತು.

ಆದ್ದರಿಂದ ವೈದ್ಯರ ಮಾತು ಬರೆದುಕೊಂಡು, ಮನೆ ತಲುಪಿಸಿ, ರಾತ್ರಿಯೂ ಜೊತೆಗಿರಬಲ್ಲ ದೊಡ್ಡವರೊಬ್ಬರನ್ನು ಕರೆದೊಯ್ಯಿರಿ. ಚುರುಕಾಗಿದ್ದೇನೆ ಎನಿಸಿದರೂ 24 ಗಂಟೆ ವಾಹನ ಓಡಿಸಬೇಡಿ, ಮದ್ಯ ಮುಟ್ಟಬೇಡಿ, ಆಸ್ತಿಪತ್ರಗಳಿಗೆ ಸಹಿ ಹಾಕಬೇಡಿ. ಎಷ್ಟು ಎಬ್ಬಿಸಿದರೂ ಏಳದಿದ್ದರೆ ಅಥವಾ ಉಸಿರಾಟ ತೀರಾ ನಿಧಾನವಾದರೆ ಜೊತೆಗಿರುವವರು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.