ಇಎಂಐ ತಾರೀಖಿಗಿಂತ ಮೊದಲು ಆಡಬೇಕಾದ ಮಾತು

ಕೆಲಸ ಹೋದದ್ದನ್ನು ಮನೆಯಲ್ಲಿ ಮುಚ್ಚಿಡುವವರಲ್ಲಿ ಹೆಚ್ಚಿನವರು ಮೋಸ ಮಾಡಬೇಕೆಂದು ಹೊರಟವರಲ್ಲ. ಇನ್ನೊಂದು ಕಡೆ ಆಫರ್ ಸಿಗಲಿ, ಎರಡನ್ನೂ ಒಟ್ಟಿಗೇ ಹೇಳಿದರೆ ಅವಳಿಗೆ ಗಾಬರಿಯಾಗುವುದಿಲ್ಲ ಎಂದುಕೊಳ್ಳುತ್ತಾರೆ. ಬೆಳಿಗ್ಗೆ ಎಂದಿನಂತೆ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೇರಿಸಿ ಹೊರಡುತ್ತಾರೆ. ಆದರೆ ಆ ಆಫರ್ ಬರುವ ದಿನ ಅವರ ಕೈಯಲ್ಲಿಲ್ಲ, ಸುದ್ದಿ ಮನೆ ಸೇರುವ ದಿನವೂ ಅವರ ಕೈಯಲ್ಲಿಲ್ಲ.

ಬೆಂಗಳೂರಿನಂಥ ಊರಿನಲ್ಲಿ ಈ ಸುದ್ದಿ ಬಾಯಿಂದ ಬಾಯಿಗೆ ಹರಡುವುದಕ್ಕಿಂತ ಮೊದಲು ಬ್ಯಾಂಕಿನಿಂದ ಬರುತ್ತದೆ. ತಿಂಗಳ ಕೊನೆಗೆ ಜಂಟಿ ಖಾತೆಗೆ ಸಂಬಳ ಬೀಳಲಿಲ್ಲವೆಂದರೆ ಹೆಂಡತಿಯ ಮೊಬೈಲಿಗೆ ಬರಬೇಕಿದ್ದ ಮೆಸೇಜ್ ಬರುವುದಿಲ್ಲ. 5ನೇ ತಾರೀಖು ಮನೆ ಸಾಲದ ಕಂತು ಬೌನ್ಸ್ ಆದರೆ ಬ್ಯಾಂಕಿನವರು ಸಹ-ಅರ್ಜಿದಾರರಿಗೂ ಫೋನ್ ಮಾಡುತ್ತಾರೆ. ಮನೆ ಸಾಲದ ಕಾಗದದಲ್ಲಿ ಸಹ-ಅರ್ಜಿದಾರರು ಎಷ್ಟೋ ಸಲ ಹೆಂಡತಿಯೇ. ಅತ್ತೆಯ ಕಣ್ಣಿನ ಪೊರೆಯ ಆಪರೇಷನ್‌ಗೆ ಅವಳು ಆಸ್ಪತ್ರೆಗೆ ಹೋಗಿ ಕಂಪನಿಯ ಇನ್ಶೂರೆನ್ಸ್ ಕಾರ್ಡ್ ಕೊಟ್ಟರೆ, ಈ ಪಾಲಿಸಿ ಈಗ ಚಾಲ್ತಿಯಲ್ಲಿಲ್ಲ ಎಂದು ಕೌಂಟರಿನಲ್ಲಿ ಹೇಳಬಹುದು. ಕಂಪನಿ ಕೊಡುವ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಅಪರಿಚಿತರ ಮುಂದೆ, ಕ್ಯೂನಲ್ಲಿ ನಿಂತು, ಗಂಡನ ಕೆಲಸ ಹೋಗಿದೆ ಎಂದು ತಿಳಿಯುವುದು ಎಷ್ಟು ಅವಮಾನವೆಂದು ಆ ಜಾಗದಲ್ಲಿ ನಿಂತವರಿಗೇ ಗೊತ್ತು.

ಹಾಗಾಗಿ ಹೇಳುವುದಕ್ಕೆ ಇರುವ ಸಮಯ ಲೆಕ್ಕಕ್ಕೆ ಸಿಗುವಂಥದ್ದು. ಕೊನೆಯ ಸಂಬಳ ಬಿದ್ದ ದಿನದಿಂದ ಅದು ಬೀಳದೇ ಹೋಗುವ ಮೊದಲ ದಿನದವರೆಗೆ, ಹೆಚ್ಚೆಂದರೆ ಒಂದು ತಿಂಗಳು. ಈ ಅವಧಿ ದಾಟಿಸಬೇಕೆಂದರೆ ಸುಮ್ಮನಿದ್ದರೆ ಸಾಲದು, ಸಂಬಳ ಬಂದಂತೆ ತೋರಿಸಬೇಕು. ಆಗಲೇ ನಿಜವಾದ ನಷ್ಟ ಶುರುವಾಗುವುದು.

ಒಂದು ಕಲ್ಪಿತ ಮನೆಯನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಗಂಡನ ಕೈಗೆ ಬರುತ್ತಿದ್ದದ್ದು 90,000 ರೂಪಾಯಿ. ಹೆಂಡತಿ ಖಾಸಗಿ ಶಾಲೆಯ ಟೀಚರ್, ಅವಳ ಸಂಬಳ 32,000. ಮನೆ ಸಾಲದ ಕಂತು 36,000, ಮನೆ ಖರ್ಚು 35,000, ಊರಿನಲ್ಲಿರುವ ಅಪ್ಪ ಅಮ್ಮನಿಗೆ 8,000. ಉಳಿತಾಯ 2,40,000. ಅವನು ವಿಷಯ ಮುಚ್ಚಿಟ್ಟು, ತಿಂಗಳ ಕೊನೆಗೆ ಕ್ರೆಡಿಟ್ ಕಾರ್ಡಿನಿಂದ 60,000 ನಗದು ತೆಗೆದು ಜಂಟಿ ಖಾತೆಗೆ ಹಾಕುತ್ತಾನೆ ಎನ್ನೋಣ. ಕಾರ್ಡಿನಲ್ಲಿ ಸಾಮಾನು ಕೊಂಡರೆ ಸಿಗುವ ಬಡ್ಡಿಯಿಲ್ಲದ ದಿನಗಳು ನಗದಿಗೆ ಸಿಗುವುದಿಲ್ಲ, ತೆಗೆದ ದಿನದಿಂದಲೇ ಬಡ್ಡಿ. ಶುಲ್ಕ ಶೇ 2.5 ಮತ್ತು ಬಡ್ಡಿ ತಿಂಗಳಿಗೆ ಶೇ 3.5 ಎಂದು ಹಿಡಿದರೆ 1,500 ಮತ್ತು 2,100, ಅದರ ಮೇಲೆ ಶೇ 18ರ ಜಿಎಸ್‌ಟಿ. ಒಟ್ಟು 4,248 ರೂಪಾಯಿ. ಒಂದೇ ಒಂದು ತಿಂಗಳು ಸಂಬಳ ಬಂದಂತೆ ತೋರಿಸಿದ್ದಕ್ಕೆ ಇಷ್ಟು. 60,000 ಅಸಲು ಹಾಗೇ ಇದೆ, ಮನೆ ಖರ್ಚು ಎಂದಿನಂತೆಯೇ ನಡೆದಿದೆ.

ಅದೇ ಮನೆಯಲ್ಲಿ ಇಬ್ಬರೂ ಕೂತು ಲೆಕ್ಕ ಹಾಕಿದರೆ ಬೇರೆಯದೇ ಚಿತ್ರ. ಮಧ್ಯರಾತ್ರಿ ಒಬ್ಬನೇ ಯೋಚಿಸುವವನಿಗೆ ಹೋದ 90,000 ಮಾತ್ರ ಕಾಣುತ್ತಿರುತ್ತದೆ. ಹಾಳೆಯಲ್ಲಿ ಬರೆದಾಗ ಒಟ್ಟು ಖರ್ಚು 79,000, ಅವಳ ಸಂಬಳ ಕಳೆದರೆ ಕೊರತೆ 47,000. ಉಳಿತಾಯ ಐದು ತಿಂಗಳು ತೂಗುತ್ತದೆ. ಮನೆ ಖರ್ಚಿನಲ್ಲಿ 7,000 ಹಿಡಿದರೆ ಕೊರತೆ 40,000ಕ್ಕೆ ಇಳಿದು ಆರು ತಿಂಗಳಾಗುತ್ತದೆ. ಎಲ್ಲಿ ಹಿಡಿಯಬಹುದು ಎಂಬುದು ಅವನಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಆ ಆರನೇ ತಿಂಗಳು ಅವಳಿಗೆ ಹೇಳಿದರೆ ಮಾತ್ರ ಸಿಗುವ ತಿಂಗಳು.

ಹೇಳುವುದು ಹೇಗೆ? ಮಕ್ಕಳು ಮಲಗಿದ ಮೇಲೆ, ಅಥವಾ ರಜೆಯ ದಿನ ಮನೆಯಲ್ಲಿ ಬೇರೆಯವರಿಲ್ಲದಾಗ. ಒಬ್ಬರು ಊರಿನಲ್ಲಿ ಇಲ್ಲದಿದ್ದರೆ ಮಾತ್ರ ಫೋನಿನಲ್ಲಿ. ಪೀಠಿಕೆ ಉದ್ದವಾದಷ್ಟೂ ಕೇಳುವವರ ಎದೆ ಹೊಡೆದುಕೊಳ್ಳುತ್ತದೆ, ಯಾರಿಗೋ ಏನೋ ಆಗಿದೆ ಎಂದುಕೊಳ್ಳುತ್ತಾರೆ. ಮೊದಲ ವಾಕ್ಯದಲ್ಲೇ ವಿಷಯ ಬರಲಿ: "ನನ್ನ ಕೆಲಸ ಹೋಯ್ತು. ಹೋದ ಮಂಗಳವಾರ ಕರೆದು ಹೇಳಿದರು. ಈ ತಿಂಗಳು 28 ಕೊನೆಯ ದಿನ." ಆಮೇಲೆ ಬರಬೇಕಾದ ಹಣ, ಕೊಡಬೇಕಾದ ಹಣ. ಕೊನೆಯ ಲೆಕ್ಕ ಚುಕ್ತಾ ಆಗಿ ಕಂಪನಿಯಿಂದ ಹಣ ಬರಲು ವಾರಗಳು ಹಿಡಿಯಬಹುದು, ಅದನ್ನು ಕೈಯಲ್ಲಿರುವ ದುಡ್ಡೆಂದು ಎಣಿಸಬಾರದು. "ನೀನೇನೂ ಚಿಂತೆ ಮಾಡಬೇಡ, ನಾನು ನೋಡ್ಕೋತೀನಿ" ಎಂಬ ಮಾತು ಬೇಡ. ಪ್ರೀತಿಯಿಂದಲೇ ಆಡಿದರೂ ಅದು ಅವಳನ್ನು ಲೆಕ್ಕದಿಂದ ಹೊರಗಿಡುತ್ತದೆ.

ಇಲ್ಲಿ ಬಹಳ ಜನ ಎಡವುವುದು ಅರ್ಧ ಹೇಳುವುದರಲ್ಲಿ. ಕೆಲಸ ಹೋದದ್ದನ್ನು ಹೇಳುತ್ತಾರೆ, ಕಾರ್ಡಿನ ಬಾಕಿಯನ್ನೋ, ಗೆಳೆಯನಿಂದ ತಂದ ಕೈಸಾಲವನ್ನೋ, ಮೊಬೈಲ್ ಆ್ಯಪಿನ ಸಾಲವನ್ನೋ ಬಿಟ್ಟುಬಿಡುತ್ತಾರೆ. ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿ ಗಂಡನಿಗೆ ಹೇಳದ ಹೆಂಗಸರ ವಿಷಯವೂ ಇದೇ. ಮೊದಲ ಸುದ್ದಿಯನ್ನು ಸಂಗಾತಿ ತಾಳಿಕೊಳ್ಳುತ್ತಾರೆ, ಅದು ಹೊರಗಿನಿಂದ ಬಂದ ಏಟು. ಮೂರು ವಾರದ ನಂತರ ವಸೂಲಿಯವನ ಫೋನಿನಿಂದ ಎರಡನೆಯದು ತಿಳಿದಾಗ, ಮೊದಲು ಹೇಳಿದ್ದೂ ಎಷ್ಟು ನಿಜವೋ ಎಂಬ ಅನುಮಾನ ಹುಟ್ಟುತ್ತದೆ. ಆದ್ದರಿಂದ ಕೂರುವ ಮೊದಲೇ ಎಲ್ಲ ಸಾಲಗಳನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಂಡು ಅದನ್ನು ಅವರ ಕೈಗೇ ಕೊಡುವುದು ನನಗೆ ಸರಿ ಕಾಣುತ್ತದೆ. ಬಾಯಲ್ಲಿ ಬರದ ಸಂಖ್ಯೆ ಹಾಳೆಯಲ್ಲಿರುತ್ತದೆ.

ಕೇಳಿದವರು ಸಿಟ್ಟಾಗಬಹುದು. "ಅಲ್ಲಾ ರೀ, ಇಷ್ಟು ದಿನ ನನಗೆ ಹೇಳಲೇ ಇಲ್ವಲ್ಲ?" ಎಂದರೆ ಉತ್ತರ ಒಂದೇ: "ಹೌದು, ಹೇಳಬೇಕಿತ್ತು." ಯಾಕೆ ಹೇಳಲಿಲ್ಲ ಎಂಬುದರ ಸಮರ್ಥನೆಗೆ ಇಳಿದರೆ ಮಾತು ಕೆಲಸದಿಂದ ಜಗಳಕ್ಕೆ ತಿರುಗುತ್ತದೆ. ಅವತ್ತೇ ಅವಳ ಒಡವೆಯ ವಿಷಯ ಎತ್ತಬಾರದು. ಚಿನ್ನದ ಸಾಲ ಬೇಕಾಗಬಹುದು, ಆದರೆ ಅಡವಿಡೋಣ ಎಂಬ ಮಾತು ಬರುವುದಾದರೆ ಅವಳ ಬಾಯಿಂದ ಬರಲಿ.

ಮರುದಿನ ಮಾಡುವ ಕೆಲಸಗಳಿಗೆ ಇಬ್ಬರೂ ಬೇಕು. ಕಂತು ಬೌನ್ಸ್ ಆಗುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡುವಂತೆ ಕೇಳಬಹುದು. ಕೊಟ್ಟೇ ಕೊಡುತ್ತಾರೆಂದಲ್ಲ, ಆದರೆ ಕೊಟ್ಟರೆ ಸಹ-ಅರ್ಜಿದಾರರ ಸಹಿ ಬೇಕಾಗುತ್ತದೆ. ಕಂತು ತಪ್ಪಿದರೆ ಇಬ್ಬರ ಸಿಬಿಲ್ ಅಂಕವೂ ಇಳಿಯುತ್ತದೆ, ಬಾಕಿ 90 ದಿನ ಮೀರಿದರೆ ಸಾಲ ಎನ್‌ಪಿಎ ಪಟ್ಟಿಗೆ ಸೇರುತ್ತದೆ. ಗುಂಪು ವಿಮೆಯನ್ನು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಿಸಿಕೊಳ್ಳುವ ಬಗ್ಗೆ ಕೆಲಸದ ಕೊನೆಯ ದಿನಕ್ಕೆ ಮೊದಲೇ ವಿಚಾರಿಸಬೇಕು. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ, ಇದು ಮನೆಯಲ್ಲಿ ಫೋನ್ ಎತ್ತುವವರಿಗೂ ಗೊತ್ತಿರಲಿ.

ಎಲ್ಲ ಮನೆಗಳೂ ಒಂದೇ ಅಲ್ಲ. ಸಂಗಾತಿ ಕೈ ಎತ್ತುವವರಾಗಿದ್ದರೆ ಒಬ್ಬರೇ ಕೂತು ಹೇಳುವುದು ಬೇಡ, ನಂಬಿಕೆಯ ಹಿರಿಯರೊಬ್ಬರು ಜೊತೆಗಿರಲಿ. ಹೇಳುವುದಕ್ಕಿಂತ ಸಾಯುವುದೇ ವಾಸಿ ಎನಿಸುತ್ತಿದ್ದರೆ ಹಾಳೆ, ಲೆಕ್ಕ ಎಲ್ಲ ಆಮೇಲೆ. ಟೆಲಿ ಮಾನಸ್‌ನ 14416ಕ್ಕೆ ಮೊದಲು ಕರೆ ಮಾಡಬೇಕು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಅತ್ತೆ ಮಾವ, ಅಪ್ಪ ಅಮ್ಮ. ಅವರಿಗೆ ಯಾವಾಗ, ಎಷ್ಟು ಹೇಳಬೇಕೆಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡು, ಇಬ್ಬರೂ ಒಂದೇ ಮಾತು ಹೇಳಬೇಕು. ಊರಿಗೆ ಕಳಿಸುವ 8,000 ನಿಲ್ಲಿಸುವುದಾದರೆ ಅದನ್ನು ಮಗನೇ ಫೋನ್ ಮಾಡಿ ತಿಳಿಸಲಿ. ಸೊಸೆ ನಿಲ್ಲಿಸಿದಳು ಎಂಬ ಮಾತು ಆ ಮನೆಯಲ್ಲಿ ಹುಟ್ಟಬಾರದು.